ಟ್ರೇ ಬಿಟ್ಟ ಬೆಕ್ಕು: ಸಿಟ್ಟಲ್ಲ, ಮೂತ್ರಕೋಶ

(ದಾವಣಗೆರೆಯಲ್ಲಿ ಬೆಕ್ಕು ಸಾಕುವವರ ಮುಂದೆ ಪಶುವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ವರ್ಷಗಟ್ಟಲೆ ತಪ್ಪದೆ ಟ್ರೇಯಲ್ಲೇ ಕೂರುತ್ತಿದ್ದ ಬೆಕ್ಕು ಒಂದು ದಿನ ಹಾಸಿಗೆಯ ಮೇಲೆ ಮೂತ್ರ ಮಾಡಿದರೆ ಮನೆಯವರು ನನ್ನ ಬಳಿ ಬಂದು ಹೇಳುವ ಮೊದಲ ಮಾತು ಹೆಚ್ಚಾಗಿ ಒಂದೇ: "ಡಾಕ್ಟರೇ, ಇದಕ್ಕೆ ನಮ್ಮ ಮೇಲೆ ಏನೋ ಸಿಟ್ಟು." ಊರಿಗೆ ಹೋಗಿಬಂದೆವು, ಅದಕ್ಕೆ ಸಿಟ್ಟು. ಮಗು ಹುಟ್ಟಿತು, ಅದಕ್ಕೆ ಹೊಟ್ಟೆಕಿಚ್ಚು. ನಿಮ್ಮಲ್ಲಿ ಕೆಲವರು ಈಗಲೇ ತಲೆಯಾಡಿಸುತ್ತಿದ್ದೀರಿ. ಹೀಗೆ ಹೇಳುವವರು ಗಮನಿಸಿದ್ದು ಸುಳ್ಳಲ್ಲ. ಮನೆಯಲ್ಲಿ ಏನೋ ಬದಲಾದ ಮೇಲೆಯೇ ಇದು ಶುರುವಾಗಿರುತ್ತದೆ. ಆದರೆ ಆ ಬದಲಾವಣೆಗೂ ಹಾಸಿಗೆಯ ಮೇಲಿನ ಕಲೆಗೂ ನಡುವೆ ಇರುವುದು ಸೇಡಲ್ಲ, ಮೂತ್ರಕೋಶ. ಇವತ್ತು ಅದರ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ.

ಕಾರಣ ಹುಡುಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಮೂತ್ರ ಹೊರಗೆ ಬರುತ್ತಿದೆಯೇ, ಇಲ್ಲವೇ? ಎಲ್ಲಿ ಮಾಡಿತು ಎಂಬುದು ಆಮೇಲಿನ ವಿಚಾರ. ಬೆಕ್ಕು ಹಾಸಿಗೆಯ ಮೇಲೆ ದೊಡ್ಡ ಕಲೆ ಮಾಡಿದ್ದರೆ ನಿಮಗೆ ಬೇಸರವಾಗಬಹುದು, ನನಗೆ ಅರ್ಧ ಸಮಾಧಾನ. ದಾರಿ ತೆರೆದಿದೆ ಎಂದಾಯಿತು. ಅದರ ಬದಲು ಹತ್ತು ನಿಮಿಷಕ್ಕೊಮ್ಮೆ ಟ್ರೇಗೆ ಹೋಗುತ್ತದೆ, ಕುಳಿತು ತಿಣುಕುತ್ತದೆ, ಕೂಗುತ್ತದೆ, ಎದ್ದು ಬಂದು ಹಿಂಭಾಗವನ್ನು ನೆಕ್ಕಿಕೊಳ್ಳುತ್ತದೆ, ಮತ್ತೆ ಬಚ್ಚಲಿಗೆ ಹೋಗಿ ಕೂರುತ್ತದೆ, ಆದರೆ ಎಲ್ಲಿಯೂ ಒಂದು ಹನಿ ಕಾಣುವುದಿಲ್ಲ ಎಂದಾದರೆ ಆ ಬೆಕ್ಕನ್ನು ಬೆಳಿಗ್ಗೆಯವರೆಗೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅದರಲ್ಲೂ ಗಂಡು ಬೆಕ್ಕನ್ನು. ಹೆಣ್ಣಿಗಿಂತ ಗಂಡಿನ ಮೂತ್ರನಾಳ ಉದ್ದ, ತುದಿಗೆ ಬರುವ ಹೊತ್ತಿಗೆ ಬಹಳ ಕಿರಿದು. ಲೋಳೆ, ಉದುರಿದ ಜೀವಕೋಶಗಳು, ಹರಳಿನ ಪುಡಿ ಸೇರಿ ಆದ ಸಣ್ಣ ಬಿರಡೆ ಅಲ್ಲಿ ಸಿಕ್ಕಿಕೊಂಡರೆ ಸಾಕು. ಹೊರಹೋಗದ ಮೂತ್ರ ಹಿಂದಕ್ಕೆ ಒತ್ತುತ್ತದೆ, ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಧಾನವಾಗುತ್ತದೆ. ಪೂರ್ತಿ ಕಟ್ಟಿದ ಬೆಕ್ಕು ಎರಡು-ಮೂರು ದಿನದಲ್ಲಿ ಸಾಯಬಹುದು.

ಇದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿ ಒಂದು ದಿನ ಕಳೆದು ಬರುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ತಿಣುಕುವ ಭಂಗಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅನುಮಾನ ಬಂದರೆ ಮೂತ್ರವೇ ಕಟ್ಟಿದೆ ಎಂದುಕೊಂಡು ಹೊರಡಿ. ಇನ್ನೂ ಒಂದು ಮಾತು. ಹೊಟ್ಟೆ ಒತ್ತಿ ಮೂತ್ರ ಹೊರಗೆ ಹಾಕಿಸಲು ಯಾರೂ ಪ್ರಯತ್ನಿಸಬಾರದು. ಬಿಗಿದ ಮೂತ್ರಕೋಶ ಒಳಗೇ ಒಡೆಯಬಹುದು.

ಈಗ ಒಂದು ಬೆಕ್ಕಿನ ಕತೆ ಹೇಳುತ್ತೇನೆ. ವಿದ್ಯಾನಗರದ ಒಂದು ಮನೆಯದು. ಕಿತ್ತಳೆ ಬಣ್ಣದ ಗಂಡು, ನಾಲ್ಕು ವರ್ಷ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಐದೂವರೆ ಕಿಲೋ ತೂಕ, ಮನೆಯೊಳಗೇ ವಾಸ, ಊಟ ಪ್ಯಾಕೆಟ್ಟಿನ ಒಣ ಆಹಾರ ಮಾತ್ರ. ಈ ವಿವರಗಳನ್ನು ಯಾಕೆ ಹೇಳಿದೆ ಎಂದರೆ ಮೂತ್ರಕೋಶದ ತೊಂದರೆಗೆ ಬೀಳುವ ಬೆಕ್ಕಿನ ಜಾತಕ ಹೆಚ್ಚುಕಡಿಮೆ ಇದೇ: ನಡುಪ್ರಾಯ, ಕೊಂಚ ದಪ್ಪ, ಹೊರಗೆ ಓಡಾಟವಿಲ್ಲ, ಒಣ ಊಟ.

ಅದು ದುಗ್ಗಮ್ಮನ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಗೆ ಈ ಊರಿನ ಮನೆಗಳು ಹೇಗೆ ತುಂಬುತ್ತವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನೆಂಟರು ಬಂದರು. ಹಿಂದಿನ ವರಾಂಡದಲ್ಲಿ ಒಲೆ ಹೂಡಬೇಕಾಗಿ ಬಂದು ಅಲ್ಲಿದ್ದ ಟ್ರೇಯನ್ನು ಮೆಟ್ಟಿಲ ಕೆಳಗೆ, ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ ಸರಿಸಿದರು. ನೆಂಟರಿಗೆ ವಾಸನೆ ಬರಬಾರದೆಂದು ಟ್ರೇಯನ್ನು ಫಿನಾಯಿಲ್ ಹಾಕಿ ತೊಳೆದರು. ಬೆಕ್ಕು ಮಲಗುತ್ತಿದ್ದ ಕೋಣೆಯನ್ನು ಅತಿಥಿಗಳಿಗೆ ಬಿಟ್ಟುಕೊಟ್ಟರು. ಬಾಡೂಟದ ವಾಸನೆಗೆ ಬೀದಿಯ ಗಂಡು ಬೆಕ್ಕೊಂದು ರಾತ್ರಿ ಹಿತ್ತಲಿಗೆ ಬರತೊಡಗಿತು. ಬೆಕ್ಕು ಅಟ್ಟ ಹತ್ತಿ ಕುಳಿತಿತು. ಜಾತ್ರೆ ಮುಗಿದು ನೆಂಟರು ಹೋದ ಮೇಲೆ ಕೆಳಗಿಳಿಯಿತು, ಆದರೆ ಟ್ರೇಗೆ ಹೋಗಲಿಲ್ಲ. ಬಚ್ಚಲಿನ ನೀರು ಹೋಗುವ ತೂತಿನ ಬಳಿ, ಆಮೇಲೆ ಮಗಳ ಹಾಸಿಗೆಯ ಮೇಲೆ, ಆಮೇಲೆ ಅಡುಗೆಮನೆಯ ಸಿಂಕಿನಲ್ಲಿ ಸ್ವಲ್ಪ ಸ್ವಲ್ಪ ಮಾಡಿತು. ಬಿಳಿ ಹೊದಿಕೆಯ ಮೇಲೆ ಬಿದ್ದದ್ದು ನಸುಗೆಂಪಾಗಿತ್ತು. ಅದನ್ನು ನೋಡಿ ಹೆದರಿ ತಂದರು.

ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿದೆ. ಮೂತ್ರಕೋಶ ಸಣ್ಣದಾಗಿತ್ತು, ಗೋಡೆ ದಪ್ಪವಾಗಿತ್ತು, ಮುಟ್ಟಿದರೆ ನೋವು. ಖಾಲಿ ಇದೆ ಎಂದರೆ ದಾರಿ ಕಟ್ಟಿಲ್ಲ. ಒಂದೆರಡು ಗಂಟೆ ಕಾದು ಸ್ವಲ್ಪ ತುಂಬಿದ ಮೇಲೆ ಹೊಟ್ಟೆಯ ಮೂಲಕ ತೆಳ್ಳನೆಯ ಸೂಜಿ ಹಾಕಿ ಮೂತ್ರ ತೆಗೆದೆ. ಟ್ರೇಯಿಂದ ಬಗ್ಗಿಸಿದ ಮೂತ್ರದಲ್ಲಿ ಹೊರಗಿನ ಸೂಕ್ಷ್ಮಜೀವಿಗಳು ಸೇರಿರುತ್ತವೆ, ಸೋಂಕು ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅದು ಸಾಲದು. ಇದರಲ್ಲಿ ಕಂಡದ್ದು ತುಂಬ ಕೆಂಪು ರಕ್ತಕಣ, ಬ್ಯಾಕ್ಟೀರಿಯಾ ಇಲ್ಲ, ಸಕ್ಕರೆ ಇಲ್ಲ. ಮೂತ್ರ ಚೆನ್ನಾಗಿ ಗಟ್ಟಿಯಾಗಿತ್ತು, ಸಾಂದ್ರತೆ 1.050. ಬೆಕ್ಕಿನಲ್ಲಿ ಇದು 1.035ಕ್ಕಿಂತ ಮೇಲಿದ್ದರೆ ಮೂತ್ರಪಿಂಡಗಳು ನೀರನ್ನು ಹಿಡಿದಿಡುವ ಕೆಲಸ ಮಾಡುತ್ತಿವೆ ಎಂದು ಲೆಕ್ಕ. ಎಕ್ಸ್-ರೇಯಲ್ಲಿ ಕಲ್ಲು ಕಾಣಲಿಲ್ಲ. ಹೀಗೆ ಸೋಂಕು, ಕಲ್ಲು, ಸಕ್ಕರೆ ಕಾಯಿಲೆ ಒಂದೊಂದಾಗಿ ಪಟ್ಟಿಯಿಂದ ಹೊರಗೆ ಹೋದವು. ಉಳಿದದ್ದು ಸೋಂಕಿಲ್ಲದ ಮೂತ್ರಕೋಶದ ಉರಿಯೂತ. ಹತ್ತು ವರ್ಷದ ಒಳಗಿನ ಬೆಕ್ಕುಗಳಲ್ಲಿ ಈ ಲಕ್ಷಣಗಳಿಗೆ ಅತಿ ಸಾಮಾನ್ಯ ಕಾರಣ ಇದೇ. ವೈದ್ಯರು ಇದನ್ನು ಕಾರಣ ತಿಳಿಯದ ಉರಿಯೂತ ಎನ್ನುತ್ತಾರೆ, ಆದರೆ ಏನೂ ತಿಳಿದಿಲ್ಲ ಎಂದಲ್ಲ.

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಎಂಬ ಪಶುವೈದ್ಯ ಬಹಳ ವರ್ಷ ಇಂಥ ಬೆಕ್ಕುಗಳನ್ನೇ ಅಧ್ಯಯನ ಮಾಡಿದವರು. ಅವರು ಮತ್ತು ಜೊತೆಯವರು ಕಂಡುಕೊಂಡದ್ದರ ಸಾರ ಹೀಗಿದೆ. ಈ ಬೆಕ್ಕುಗಳಲ್ಲಿ ಒತ್ತಡಕ್ಕೆ ಪ್ರತಿಕ್ರಿಯಿಸುವ ನರವ್ಯವಸ್ಥೆ ಸದಾ ಹೆಚ್ಚು ಚುರುಕಾಗಿರುತ್ತದೆ, ಅದನ್ನು ತಣ್ಣಗೆ ಮಾಡಬೇಕಾದ ಅಡ್ರಿನಲ್ ಗ್ರಂಥಿಯ ಹಾರ್ಮೋನು ಸಾಕಷ್ಟು ಬರುವುದಿಲ್ಲ. ಮೂತ್ರಕೋಶದ ಒಳಗೋಡೆಯ ಮೇಲೆ ಮೂತ್ರ ನೇರವಾಗಿ ತಗುಲದಂತೆ ತಡೆಯುವ ತೆಳು ಲೋಳೆಯ ಪದರವೊಂದು ಇರುತ್ತದೆ. ಇವುಗಳಲ್ಲಿ ಆ ಪದರ ಸವೆದಿರುತ್ತದೆ. ಗಟ್ಟಿ ಮೂತ್ರ ಗೋಡೆಯ ನರಗಳಿಗೆ ತಾಗಿ ಉರಿಯುತ್ತದೆ, ಗೋಡೆ ಊದಿಕೊಂಡು ರಕ್ತ ಜಿನುಗುತ್ತದೆ. ಮನೆಗೆ ನೆಂಟರು ಬಂದದ್ದು ಮೂತ್ರದಲ್ಲಿ ರಕ್ತವಾಗಿ ಕಾಣಿಸಿಕೊಳ್ಳುವ ದಾರಿ ಇದು. "ಕಾಯಿಲೆಯೋ, ಬರೀ ಟೆನ್ಷನ್ನೋ?" ಎಂದು ಕೇಳುತ್ತೀರಲ್ಲ, ಈ ಬೆಕ್ಕಿನ ವಿಷಯದಲ್ಲಿ ಅವೆರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಅದೇ ಗುಂಪಿನ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಇಷ್ಟ. ಈ ಕಾಯಿಲೆಯ ಬೆಕ್ಕುಗಳ ಜೊತೆಗೆ ಪೂರ್ತಿ ಆರೋಗ್ಯವಂತ ಬೆಕ್ಕುಗಳನ್ನೂ ಸಾಕಿ ದಿನಚರಿಯನ್ನು ಗಮನಿಸಿದರು. ನೋಡಿಕೊಳ್ಳುವವರು ಬದಲಾದಾಗ, ಊಟದ ಹೊತ್ತು ತಪ್ಪಿದಾಗ ಆರೋಗ್ಯವಂತ ಬೆಕ್ಕುಗಳೂ ಊಟ ಕಡಿಮೆ ಮಾಡಿದವು, ಟ್ರೇಯ ಹೊರಗೆ ಮಾಡಿದವು. ಅಂದರೆ ನಮ್ಮ ಕಣ್ಣಿಗೆ ಏನೂ ಅಲ್ಲದ ಬದಲಾವಣೆಗೂ ಬೆಕ್ಕಿನ ದೇಹ ಲೆಕ್ಕ ಇಡುತ್ತದೆ.

ಇಲ್ಲಿ ಆ್ಯಂಟಿಬಯಾಟಿಕ್ ಬಗ್ಗೆ ಎರಡು ಮಾತು ಆಡದಿದ್ದರೆ ನನಗೆ ಸಮಾಧಾನವಿಲ್ಲ. ಮೂತ್ರದಲ್ಲಿ ರಕ್ತ ಕಂಡ ತಕ್ಷಣ ಸೋಂಕು ಎನ್ನುವುದು ಮನುಷ್ಯರಿಂದ ಬಂದ ರೂಢಿ. ಎಳೆಯ ಬೆಕ್ಕುಗಳಲ್ಲಿ ನಿಜವಾದ ಸೋಂಕು ಅಪರೂಪ, ವಯಸ್ಸಾದವುಗಳಲ್ಲಿ ಹೆಚ್ಚು. ಸೋಂಕಿಲ್ಲದ ಈ ಉರಿಯೂತ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಆ ವಾರ ಚುಚ್ಚುಮದ್ದು ಕೊಟ್ಟಿದ್ದರೆ ಹೆಸರು ಚುಚ್ಚುಮದ್ದಿಗೆ. ಎರಡು ತಿಂಗಳ ಮೇಲೆ ಮತ್ತೆ ಬಂದಾಗ "ಹೋದ ಸಲದ್ದೇ ಕೊಡಿ" ಎನ್ನುತ್ತಾರೆ, ಮನೆಯಲ್ಲಿ ಏನು ಬದಲಾಗಿದೆ ಎಂದು ಯಾರೂ ನೋಡುವುದಿಲ್ಲ. ನಾನು ಆ ಬೆಕ್ಕಿಗೆ ಕೊಟ್ಟದ್ದು ನೋವು ಕಡಿಮೆ ಮಾಡುವ ಔಷಧ ಮಾತ್ರ. ನೋವು ಎಂದ ತಕ್ಷಣ ಮನೆಯಲ್ಲಿರುವ ಜ್ವರದ ಮಾತ್ರೆ ಮುರಿದು ಹಾಕಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಕೊಲ್ಲಬಲ್ಲದು.

ನಿಜವಾದ ಚಿಕಿತ್ಸೆ ಮನೆಯಲ್ಲಿ ನಡೆಯಿತು. ಟ್ರೇಯನ್ನು ಯಂತ್ರದ ಪಕ್ಕದಿಂದ ತೆಗೆದು ಮೊದಲಿನ ವರಾಂಡಕ್ಕೇ ಒಯ್ದರು. ಒಗೆಯುವ ಯಂತ್ರ ನೀರು ಹಿಂಡುವಾಗ ನಡುಗುವ ಸದ್ದು ನಿಮಗೆ ಗೊತ್ತು, ಬೆಕ್ಕು ಕೂತಿರುವಾಗ ಒಮ್ಮೆ ಹಾಗಾದರೆ ಆ ಜಾಗಕ್ಕೆ ಅದು ಮತ್ತೆ ಹೋಗುವುದಿಲ್ಲ. ನಾನು ಹೇಳಿದ್ದಕ್ಕೆ ಎರಡನೆಯ ಟ್ರೇಯೊಂದನ್ನು ಮಹಡಿಯ ಕೋಣೆಯಲ್ಲಿ ಇಟ್ಟರು. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಹೆಚ್ಚು ಇರಬೇಕು, ಅವು ಬೇರೆ ಬೇರೆ ಜಾಗದಲ್ಲಿರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ. ಹೊಸ ಟ್ರೇ ಯಾಕೆ ಬೇಕಾಯಿತು ಎಂದರೆ, ಮೂತ್ರ ಮಾಡುವಾಗ ಉರಿದದ್ದು ಮೂತ್ರಕೋಶದಿಂದ ಎಂದು ಬೆಕ್ಕಿಗೆ ತಿಳಿಯುವುದಿಲ್ಲ. ಕುಳಿತ ಜಾಗವೇ ಉರಿಯುತ್ತದೆ ಎಂದು ಅದು ಕಲಿಯುತ್ತದೆ. ಅದಕ್ಕೇ ಬಚ್ಚಲು, ಸಿಂಕು, ಮೆತ್ತನೆಯ ಹಾಸಿಗೆ ಹೀಗೆ ಬೇರೆ ಬೇರೆ ನೆಲ ಹುಡುಕಿಕೊಂಡು ಹೋಗುತ್ತದೆ. ಕಾಯಿಲೆ ವಾಸಿಯಾದ ಮೇಲೂ ಹಳೆಯ ಟ್ರೇ ಕಂಡರೆ ದೂರ ಸರಿಯುವ ಬೆಕ್ಕುಗಳು ಇವೆ. ಅವುಗಳಿಗೆ ಬೇರೆ ಆಕಾರದ ಟ್ರೇ, ಬೇರೆ ಮರಳು, ಬೇರೆ ಜಾಗ ಕೊಟ್ಟು ಹೊಸದಾಗಿ ಶುರುಮಾಡಬೇಕು.

ಅಂಗಡಿಯಲ್ಲಿ ಸಿಗುವ ಟ್ರೇಗಳು ಬಹುಪಾಲು ಚಿಕ್ಕವು. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಟ್ರೇ ಇರಬೇಕು. ಪಾತ್ರೆ ಅಂಗಡಿಯ ಅಗಲವಾದ ಪ್ಲಾಸ್ಟಿಕ್ ಟಬ್ ಇದಕ್ಕೆ ಚೆನ್ನ, ಬೆಲೆಯೂ ಕಡಿಮೆ. ಒಳಗೆ ವಾಸನೆ ಸೇರಿಸದ, ಒದ್ದೆಯಾದರೆ ಗಟ್ಟಿಯಾಗುವ ಸಣ್ಣ ಕಣದ ಲಿಟರ್ ಮೂರು-ನಾಲ್ಕು ಸೆಂಟಿಮೀಟರ್ ದಪ್ಪ ಇರಲಿ. ಹೊಳೆ ಮರಳು ಹಾಕುವವರೂ ಇದ್ದೀರಿ, ಬೆಕ್ಕಿಗೆ ಅದು ಹಿಡಿಸುತ್ತದೆ, ಆದರೆ ಬೇಗ ವಾಸನೆ ಬರುವುದರಿಂದ ಬೇಗ ಬದಲಿಸಬೇಕು. ಗಟ್ಟಿಯಾಗುವ ಲಿಟರಿನ ದೊಡ್ಡ ಲಾಭ ಬೇರೆಯೇ ಇದೆ. ದಿನಕ್ಕೆ ಎಷ್ಟು ಉಂಡೆ ಆಗುತ್ತವೆ, ಎಷ್ಟು ದೊಡ್ಡವು ಎಂಬುದು ಕಣ್ಣಿಗೆ ಕಾಣುತ್ತದೆ. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಮೂತ್ರ ಮಾಡುತ್ತದೆ. ಉಂಡೆಗಳು ಸಣ್ಣವಾಗಿ, ಸಂಖ್ಯೆ ಹೆಚ್ಚಾದರೆ ಉರಿಯೂತದ ಅನುಮಾನ. ಉಂಡೆಯೇ ಇಲ್ಲದಿದ್ದರೆ ನಾನು ಮೊದಲು ಹೇಳಿದ ಮಾತು ನೆನಪಿಸಿಕೊಳ್ಳಿ.

ಫಿನಾಯಿಲ್ ವಿಷಯ. ನಮ್ಮ ಮನೆಗಳಲ್ಲಿ ನೆಲ ಒರೆಸುವುದು ಅದರಿಂದಲೇ, ಗೊತ್ತು. ಬೆಕ್ಕಿನ ಯಕೃತ್ತಿಗೆ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ. ಪಾದಕ್ಕೆ ತಗುಲಿದ್ದನ್ನು ನೆಕ್ಕಿದರೂ ಅಪಾಯ. ಅದು ಬೇಡ ಎನ್ನುವುದಕ್ಕೆ ಅಷ್ಟೇ ಸಾಕು. ಜೊತೆಗೆ ಆ ಕಟುವಾಸನೆಗೆ ಬೆಕ್ಕು ಟ್ರೇಯ ಹತ್ತಿರ ಸುಳಿಯುವುದೂ ಇಲ್ಲ. ಟ್ರೇಗೆ ವಾಸನೆಯಿಲ್ಲದ ಸೋಪು, ಬಿಸಿನೀರು ಸಾಕು. ಹಾಸಿಗೆಗೆ ಬಿದ್ದ ಕಲೆಗೆ ಮಾತ್ರ ಸೋಪು ಸಾಲದು, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣ ಬೇಕು. ನಮ್ಮ ಮೂಗಿಗೆ ಹೋದ ವಾಸನೆ ಅದರ ಮೂಗಿಗೆ ಹೋಗಿರುವುದಿಲ್ಲ, ಅದೇ ಜಾಗಕ್ಕೆ ಮತ್ತೆ ಬರುತ್ತದೆ.

ಹಿತ್ತಲಿಗೆ ಬರುತ್ತಿದ್ದ ಬೀದಿ ಬೆಕ್ಕಿಗಾಗಿ ಕಿಟಕಿಯ ಕೆಳಭಾಗದ ಗಾಜಿಗೆ ಕಾಗದ ಅಂಟಿಸಿದರು, ಹೊರಗೆ ಉಳಿದ ಅನ್ನ ಇಡುವುದನ್ನು ನಿಲ್ಲಿಸಿದರು. ಒಳಗಿನ ಬೆಕ್ಕು ರಾತ್ರಿಯಿಡೀ ಆ ಕಿಟಕಿಯ ಮುಂದೆ ಬಾಲ ಉಬ್ಬಿಸಿಕೊಂಡು ಕೂರುತ್ತಿತ್ತು ಎಂದು ಮನೆಯವರಿಗೆ ಹೊಳೆದದ್ದೇ ನಾನು ಕೇಳಿದ ಮೇಲೆ.

ಇನ್ನು ನೀರು. ಮನೆಬೆಕ್ಕಿನ ಮೂಲ ಮರುಭೂಮಿಯ ಅಂಚಿನ ಕಾಡುಬೆಕ್ಕು. ಅದಕ್ಕೆ ಬೇಕಾದ ನೀರಿನ ಬಹುಪಾಲು ಬೇಟೆಯ ಮಾಂಸದಿಂದಲೇ ಬರುತ್ತಿತ್ತು, ಹಾಗಾಗಿ ಬಾಯಾರಿಕೆಯೇ ಕಡಿಮೆ. ಇಲಿಯ ದೇಹದಲ್ಲಿ ಮುಕ್ಕಾಲು ಪಾಲು ನೀರಿದ್ದರೆ ಒಣ ಆಹಾರದಲ್ಲಿ ಇರುವುದು ನೂರಕ್ಕೆ ಹತ್ತು ಪಾಲು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಇದು ಏನಾಗುತ್ತದೆ ಎಂದು ಊಹಿಸಿ. ಮೂತ್ರ ಗಟ್ಟಿಯಾದಷ್ಟೂ ಸವೆದ ಗೋಡೆಗೆ ಉರಿ ಹೆಚ್ಚು. ಒದ್ದೆ ಆಹಾರದ ಪೊಟ್ಟಣ ಉತ್ತಮ, ಆದರೆ ನಮ್ಮಲ್ಲಿ ಅನೇಕ ಸಸ್ಯಾಹಾರಿ ಮನೆಗಳವರು ಆ ವಾಸನೆ ಸಹಿಸಲಾಗದೆ ಒಣ ಆಹಾರವನ್ನೇ ಹಿಡಿದಿದ್ದಾರೆ. ಅವರಿಗೆ ನಾನು ಹೇಳುವುದು: ಒಣ ಆಹಾರವನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ, ಮೊದಲು ಒಂದು ಚಮಚ ನೀರಿನಿಂದ ಶುರುಮಾಡಿ, ಸೆಕೆಗೆ ಬೇಗ ಹುಳಿಯುವುದರಿಂದ ಉಳಿದದ್ದನ್ನು ಅರ್ಧ ಗಂಟೆಯಲ್ಲಿ ತೆಗೆದುಬಿಡಿ. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದಲೂ ಟ್ರೇಯಿಂದಲೂ ದೂರ ಇರಲಿ. ಕೊಳವೆಬಾವಿಯ ಗಡಸು ನೀರಿನಿಂದ ಹರಳಾಗುತ್ತದೆಯೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಯಾವ ನೀರು ಎನ್ನುವುದಕ್ಕಿಂತ ಎಷ್ಟು ನೀರು ಹೊಟ್ಟೆಗೆ ಹೋಯಿತು ಎನ್ನುವುದು ಮುಖ್ಯ. ನಿಮ್ಮ ಬೆಕ್ಕು ಕೊಳವೆಬಾವಿಯ ನೀರನ್ನೇ ಹೆಚ್ಚು ಕುಡಿಯುತ್ತದೆ ಎಂದಾದರೆ ಅದನ್ನೇ ಕೊಡಿ.

ಆ ಬೆಕ್ಕಿನ ರಕ್ತ ನಾಲ್ಕೈದು ದಿನದಲ್ಲಿ ನಿಂತಿತು. ಮೊದಲು ಬಳಸಿದ್ದು ಮಹಡಿಯ ಹೊಸ ಟ್ರೇಯನ್ನು, ವರಾಂಡದ್ದಕ್ಕೆ ಬರಲು ಇನ್ನಷ್ಟು ದಿನ ಬೇಕಾಯಿತು. ಕತೆ ಅಲ್ಲಿಗೆ ಮುಗಿಯಲಿಲ್ಲ. ಈ ಕಾಯಿಲೆ ಮರುಕಳಿಸುವಂಥದ್ದು. ಅದೇ ವರ್ಷ ದೀಪಾವಳಿಯ ಪಟಾಕಿಗೆ ಬೆಕ್ಕು ಮತ್ತೆ ಅಟ್ಟ ಸೇರಿತು, ನೀರು ಕುಡಿಯಲಿಲ್ಲ. ಕೊನೆಯ ದಿನ ಸಂಜೆ ಕೆಳಗಿಳಿದು ಟ್ರೇಗೆ ಹೋಗಿಬರತೊಡಗಿತು. ಈ ಸಲ ಮನೆಯಾಕೆ ಮಾಡಿದ ಕೆಲಸವನ್ನು ಗಮನಿಸಿ. ಟ್ರೇ ಖಾಲಿ ಮಾಡಿ ಒಳಗೆ ಬಿಳಿ ಕಾಗದ ಹಾಸಿದರು. ಬೆಕ್ಕು ಹಲವು ಸಲ ಹೋಗಿಬಂದರೂ ಕಾಗದ ಒಣಗಿಯೇ ಇತ್ತು. ಅದು ವಾಂತಿಯನ್ನೂ ಮಾಡಿತು. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ಹೊರಟೇಬಿಟ್ಟರು.

ಈ ಸಲ ಕೈಗೆ ಸಿಕ್ಕಿದ್ದು ನಿಂಬೆಹಣ್ಣಿನಂತೆ ಗಟ್ಟಿಯಾದ ಮೂತ್ರಕೋಶ. ಕ್ಲಿನಿಕ್ಕಿಗೆ ಬಂದು ಹೆದರಿದ ಬೆಕ್ಕಿನ ಎದೆಬಡಿತ ನಿಮಿಷಕ್ಕೆ 180ರ ಮೇಲಿರುವುದು ಸಹಜ, ಇದರದ್ದು 120ರ ಆಸುಪಾಸು. ಪೊಟ್ಯಾಸಿಯಂ ಏರಿದೆ ಎಂದು ಅದೇ ಹೇಳಿತು, ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಮೊದಲು ಹೃದಯವನ್ನು ಕಾಪಾಡಲು ನಿಧಾನವಾಗಿ ಕ್ಯಾಲ್ಸಿಯಂ, ಜೊತೆಗೆ ಗ್ಲೂಕೋಸ್ ಮತ್ತು ಡ್ರಿಪ್. ಬಡಿತ ಸುಧಾರಿಸಿದ ಮೇಲೆ ಅರಿವಳಿಕೆ ಕೊಟ್ಟು ತೆಳುವಾದ ಕೊಳವೆ ಹಾಕಿ, ಲವಣದ ನೀರು ಚಿಮ್ಮಿಸಿ ಬಿರಡೆಯನ್ನು ಹಿಂದಕ್ಕೆ ತಳ್ಳಿದೆವು. ಎರಡು ದಿನ ಕೊಳವೆ ಒಳಗೇ ಇತ್ತು. ಕಟ್ಟು ಬಿಟ್ಟ ಮೇಲೆ ಬೆಕ್ಕು ಬಹಳ ಮೂತ್ರ ಮಾಡುತ್ತದೆ, ಅಷ್ಟೇ ನೀರನ್ನು ಡ್ರಿಪ್ಪಿನಲ್ಲಿ ಹಿಂದಿರುಗಿಸದಿದ್ದರೆ ಮತ್ತೆ ಕುಸಿಯುತ್ತದೆ, ಹಾಗಾಗಿ ಅದನ್ನು ಮನೆಗೆ ಕಳಿಸಲಿಲ್ಲ. ಕೊಳವೆ ತೆಗೆದ ಮೊದಲ ಕೆಲವು ದಿನಗಳಲ್ಲಿಯೇ ಮತ್ತೆ ಕಟ್ಟುವ ಸಂಭವ ಹೆಚ್ಚು. ಮನೆಗೆ ಹೋದ ಮೇಲೆ ಆ ವಾರ ಉಂಡೆಗಳನ್ನು ಎಣಿಸಿದರು. ಮತ್ತೆ ಕಟ್ಟಲಿಲ್ಲ. ಈಗ ಹಬ್ಬಕ್ಕೆ ಎರಡು ದಿನ ಮೊದಲೇ ಬೆಕ್ಕನ್ನು ಒಳಕೋಣೆಗೆ ಸೇರಿಸುತ್ತಾರೆ, ಅದರ ಟ್ರೇ, ನೀರು, ಹೊದಿಕೆ ಎಲ್ಲವೂ ಅಲ್ಲೇ.

ಮುದಿ ಬೆಕ್ಕಿನ ಬಗ್ಗೆ ಸಂಕ್ಷೇಪವಾಗಿ. ಹತ್ತು ವರ್ಷ ದಾಟಿದ ಬೆಕ್ಕು ಟ್ರೇ ಬಿಟ್ಟರೆ ನನ್ನ ಅನುಮಾನ ಬೇರೆ ಕಡೆ ಹೋಗುತ್ತದೆ. ಕಲೆ ಸಣ್ಣದಲ್ಲ, ದೊಡ್ಡದಾಗಿರುತ್ತದೆ, ನೀರೂ ಹೆಚ್ಚು ಕುಡಿಯುತ್ತಿರುತ್ತದೆ. ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಏರಿಕೆ ಇವನ್ನು ರಕ್ತ, ಮೂತ್ರ ಪರೀಕ್ಷೆಯಿಂದ ನೋಡಬೇಕು. ಇವ್ಯಾವುದೂ ಇಲ್ಲದೆ ಟ್ರೇಯ ಅಂಚಿನಲ್ಲೇ ಹೊರಗೆ ಮಾಡುತ್ತಿದ್ದರೆ ಕೀಲುನೋವಿರಬಹುದು, ಅಂಚು ದಾಟಲು ಕಾಲು ಎತ್ತಲಾಗುತ್ತಿಲ್ಲ. ಒಂದು ಬದಿಯನ್ನು ನಾಲ್ಕು ಬೆರಳಷ್ಟು ಎತ್ತರಕ್ಕೆ ಕತ್ತರಿಸಿ ನೋಡಿ. ಮೂತ್ರಕ್ಕೆ ಟ್ರೇ ಬಳಸಿ ಮಲಕ್ಕೆ ಮಾತ್ರ ಹೊರಗೆ ಹೋಗುವ ಬೆಕ್ಕಿನಲ್ಲಿ ಮಲ ಗಟ್ಟಿಯಾಗಿದೆಯೇ ನೋಡಿ. ಇನ್ನು ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತ ಗೋಡೆಗೆ ಚಿಮ್ಮಿಸುವುದು ಗಡಿ ಗುರುತಿಸುವ ಕೆಲಸ, ಟ್ರೇ ಬಿಟ್ಟದ್ದಲ್ಲ. ಶಸ್ತ್ರಚಿಕಿತ್ಸೆ ಆಗದ ಗಂಡಿನಲ್ಲಿ ಇದಕ್ಕೆ ಮೊದಲ ಮದ್ದು ಆ ಶಸ್ತ್ರಚಿಕಿತ್ಸೆಯೇ.

ಹೊಡೆಯಬಹುದೇ, ಮೂಗನ್ನು ಕಲೆಗೆ ಉಜ್ಜಬಹುದೇ ಎಂದು ಚೀಟಿಯಲ್ಲಿ ಬರೆದು ಕಳಿಸಿದ್ದೀರಿ. ಒತ್ತಡದಿಂದ ಉರಿಯುವ ಮೂತ್ರಕೋಶಕ್ಕೆ ಇನ್ನಷ್ಟು ಒತ್ತಡ ಕೊಟ್ಟಂತಾಗುತ್ತದೆ. ಅದು ಕಲಿಯುವುದು ಒಂದೇ, ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ಮಾಡುವುದನ್ನು. ಆಗ ಮೂತ್ರ ಬರುತ್ತಿದೆಯೋ ಇಲ್ಲವೋ ಎಂಬುದೂ ನಿಮಗೆ ತಿಳಿಯುವುದಿಲ್ಲ.

ವೈದ್ಯರ ಬಳಿ ಹೊರಡುವಾಗ ಬೆಕ್ಕು ಕುಳಿತು ತಿಣುಕುವ ಅರ್ಧ ನಿಮಿಷದ ವಿಡಿಯೊ ಮೊಬೈಲಿನಲ್ಲಿ ಇರಲಿ, ಕಲೆಯ ಫೋಟೊವೂ ಇರಲಿ. ಕಟ್ಟಿಲ್ಲ ಎಂದು ಖಾತ್ರಿಯಿದ್ದರೆ ಮಾತ್ರ ತೊಳೆದು ಒಣಗಿಸಿದ ಟ್ರೇಯಲ್ಲಿ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಕಲ್ಲು ತೊಳೆದು ಹಾಕಿ, ಕೆಳಗೆ ನಿಂತ ಮೂತ್ರವನ್ನು ಸಿರಿಂಜಿನಲ್ಲಿ ಎಳೆದುಕೊಂಡು ಒಂದು ಗಂಟೆಯೊಳಗೆ ತನ್ನಿ, ತಡವಾಗುವುದಾದರೆ ಫ್ರಿಜ್ಜಿನಲ್ಲಿ ಇಡಿ. ಸೋಂಕು ತಿಳಿಯಲು ಅದು ಆಗದಿದ್ದರೂ ರಕ್ತ, ಸಕ್ಕರೆ, ಸಾಂದ್ರತೆ ನೋಡಲು ಸಾಕು. ಕೊನೆಯ ಸಲ ಮೂತ್ರ ಕಂಡದ್ದು ಎಷ್ಟು ಹೊತ್ತಿಗೆ ಎಂಬುದನ್ನು ಬರೆದುಕೊಂಡು ಬನ್ನಿ. ನಾನು ಮೊದಲು ಕೇಳುವುದು ಅದನ್ನೇ.